ನುಣುಪಾದ ಮುಖಕ್ಕೆ ಮರಳಿ ಬಂದ ರೋಮರಂಧ್ರ

ಮುಖದ ಕಲೆ, ಸುಕ್ಕುಗಳನ್ನು ಅಳಿಸುವುದೇ ಬಹುಕಾಲ ಫೋಟೊ ಸ್ಟುಡಿಯೊಗಳ ಕುಸುರಿ ಕೆಲಸವಾಗಿತ್ತು. ಚರ್ಮದ ಕಪ್ಪು ಚುಕ್ಕೆ ನೆಗೆಟಿವ್‌ನಲ್ಲಿ ತೆಳುವಾಗಿ ಮೂಡುವುದರಿಂದ, ಆ ಜಾಗಕ್ಕೆ ಮೊನಚು ಪೆನ್ಸಿಲಿನಿಂದ ನವಿರಾಗಿ ತಿದ್ದಿದರೆ ಪ್ರಿಂಟಿನಲ್ಲಿ ಅದು ತಿಳಿಯಾಗುತ್ತಿತ್ತು. 2002ರಲ್ಲಿ ಫೋಟೊಶಾಪ್ 7ರ ಜೊತೆಗೆ ಬಂದ ಹೀಲಿಂಗ್ ಬ್ರಷ್ ಅದೇ ಕೆಲಸವನ್ನು ಚರ್ಮದ ಸಹಜ ನೇಯ್ಗೆ ಕೆಡದಂತೆ ಮಾಡತೊಡಗಿತು. ಮೊಬೈಲಿನ ಬ್ಯೂಟಿ ಫಿಲ್ಟರ್ ಆ ನೇಯ್ಗೆಯನ್ನೇ ಬಲಿಕೊಟ್ಟಿತು. ಅದು ಕಣ್ಣು, ತುಟಿಗಳ ಅಂಚನ್ನು ಉಳಿಸಿ ಉಳಿದೆಡೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸರಾಸರಿಗೆ ತರುವುದರಿಂದ, ರೋಮರಂಧ್ರಗಳ ಮಾಹಿತಿ ಕಡತದಲ್ಲಿ ಉಳಿಯುವುದೇ ಇಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂತಹ ಊರುಗಳಲ್ಲಿ ಇದರ ತೊಡಕು ಎದ್ದು ಕಾಣುವುದು ಉತ್ತರಕ್ರಿಯೆಯ, ಅಂದರೆ ತುಳುವಿನ ಬೊಜ್ಜದ, ಹೊತ್ತಿಗೆ ಚೌಕಟ್ಟು ಹಾಕಿಸುವ ಭಾವಚಿತ್ರದಲ್ಲಿ. ತೀರಿಕೊಂಡವರದೆಂದು ಮನೆಯವರ ಬಳಿ ಇರುವುದು ವಾಟ್ಸ್ಆ್ಯಪಿನಲ್ಲಿ ಬಂದ ಫಿಲ್ಟರ್ ಸೆಲ್ಫಿಯೊಂದೇ ಆದಾಗ, ಹಿಗ್ಗಿಸಿದ ಮುಖ ಮೇಣದ್ದೆನಿಸುತ್ತದೆ. ತಿದ್ದುವವರು ಆಗ ಅಳಿಸುವ ಬದಲು ಚರ್ಮವನ್ನು ಕಟ್ಟಬೇಕಾಗುತ್ತದೆ.

12×18 ಇಂಚಿನ ಪ್ರಿಂಟಿಗೆ ಚಿತ್ರವನ್ನು ಮೊದಲೇ 3600×5400 ಪಿಕ್ಸೆಲ್‌ಗೆ, ಅಂದರೆ ಇಂಚಿಗೆ 300ರ ಲೆಕ್ಕಕ್ಕೆ, ಹಿಗ್ಗಿಸಿಕೊಳ್ಳಬೇಕು. ಈ ಅಳತೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.085 ಮಿಲಿಮೀಟರ್ ಇರುವುದರಿಂದ, ಮುಖವು ನಿಜಗಾತ್ರದಲ್ಲಿದ್ದರೆ ಮೂಗಿನ ಮೇಲಿನ ಕಾಲು ಮಿಲಿಮೀಟರಿನ ರಂಧ್ರವೊಂದು ಮೂರು ಪಿಕ್ಸೆಲ್ ಹಿಡಿಯುತ್ತದೆ. ಮುಖ ಅರ್ಧಗಾತ್ರದಲ್ಲಿದ್ದರೆ ಒಂದೂವರೆ ಸಾಕು. ಅನಂತರ ನಡುಬೂದು ಬಣ್ಣ ತುಂಬಿದ ಲೇಯರನ್ನು Soft Light ಕ್ರಮದಲ್ಲಿಟ್ಟು, ಅದಕ್ಕೆ Monochromatic ಆಯ್ಕೆಯಲ್ಲಿ Add Noise ಕೊಟ್ಟು, ಕಾಳು ರಂಧ್ರದ ಗಾತ್ರಕ್ಕೆ ಬರುವಷ್ಟು, ಸುಮಾರು ಒಂದು ಪಿಕ್ಸೆಲಿನ Gaussian Blur ಹಾಕಿ, ಕೊನೆಗೆ Emboss ಮೂಲಕ ಉಬ್ಬುತಗ್ಗು ತರುತ್ತಾರೆ. ಎಂಬಾಸಿನ ಕೋನ ಫೋಟೊದಲ್ಲಿ ಬೆಳಕು ಬಿದ್ದ ದಿಕ್ಕಿಗೆ ಹೊಂದಲೇಬೇಕು, ಏಕೆಂದರೆ ಅದು ತಿರುಗಿದರೆ ಗುಳಿಗಳೆಲ್ಲ ಗುಳ್ಳೆಗಳಾಗಿ ತೋರುತ್ತವೆ.

ಇಷ್ಟಕ್ಕೇ ಬಿಟ್ಟರೆ ಮುಖ ಮರಳುಕಾಗದದಂತಾಗುತ್ತದೆ. ಹೆಚ್ಚಿನ ಕೆಲಸ ಕೆಡುವುದೂ ಇಲ್ಲೇ. ನಿಜವಾದ ಚರ್ಮ ಎಲ್ಲೆಡೆ ಒಂದೇ ತೆರನಾಗಿಲ್ಲದ ಕಾರಣ, ಲೇಯರಿನ ಭಾಗಗಳನ್ನು ಮರೆಮಾಡುವ ಮಾಸ್ಕ್ ಬಳಸಿ, ಮೂಗು ಮತ್ತು ಅದಕ್ಕೆ ತಗುಲಿದ ಕೆನ್ನೆಯಲ್ಲಿ ಕಾಳನ್ನು ಗಾಢವಾಗಿ, ಹಣೆಯಲ್ಲಿ ಹದವಾಗಿ, ಕಣ್ಣಿನ ಕೆಳಗೆ ಬಹಳ ತೆಳುವಾಗಿ ಉಳಿಸಿ, ತುಟಿ, ಹುಬ್ಬು, ಕೂದಲಿನ ಮೇಲಿಂದ ಪೂರ್ತಿ ತೆಗೆಯಬೇಕಾಗುತ್ತದೆ. ಹುಬ್ಬಿನ ಮೇಲೂ ಕಾಳು ಹರಡಿದ್ದರೆ, ಕಿವಿಯ ಬಳಿಯ ರಂಧ್ರ ಮೂಗಿನದಷ್ಟೇ ದೊಡ್ಡದಿದ್ದರೆ, ಕೃತಕತೆ ಕೂಡಲೇ ಬಯಲಾಗುತ್ತದೆ. ಫಿಲ್ಟರ್ ಬಣ್ಣದ ಏರಿಳಿತವನ್ನೂ ತೊಳೆದುಬಿಟ್ಟಿರುವುದರಿಂದ, ಮೂಗಿನ ಪಕ್ಕಕ್ಕೆ ತುಸು ಕೆಂಪು, ಕಣ್ಣಿನ ಸುತ್ತ ತುಸು ಕಪ್ಪು ಮರಳಿಸದೆ ರಂಧ್ರಗಳಷ್ಟನ್ನೇ ಸೇರಿಸಿದ ಮುಖಕ್ಕೆ ಜೀವ ಬಾರದು.

ಹೀಗೆ ಮೂಡಿದ್ದು ಆ ವ್ಯಕ್ತಿಯದೇ ಚರ್ಮವಲ್ಲ, ಅಂತಹದೊಂದು ಚರ್ಮ ಮಾತ್ರ. ಆದ್ದರಿಂದ ಗುರುತಿನ ದಾಖಲೆಗೆ ಇದು ಸಲ್ಲದು. ಮದುವೆಯ ಗ್ರೂಪ್ ಫೋಟೊದಲ್ಲಿ ಅದೇ ಮುಖ ಸ್ಪಷ್ಟವಾಗಿ ಸಿಕ್ಕಿ, ಬೆಳಕಿನ ದಿಕ್ಕೂ ಹೊಂದಿದರೆ, ಅಲ್ಲಿನ ನೇಯ್ಗೆಯನ್ನು ಪ್ರತ್ಯೇಕಿಸಿ ತಂದು ಕೂರಿಸುವುದೇ ಲೇಸು. ಫಿಲ್ಟರ್ ಅಳಿಸಿದ ಮಚ್ಚೆ ಎಡಗೆನ್ನೆಯದೋ ಬಲಗೆನ್ನೆಯದೋ ಎಂಬುದನ್ನಂತೂ ಮನೆಯವರನ್ನೇ ಕೇಳಬೇಕು. ಸೆಲ್ಫಿಗಳು ಎಷ್ಟೋ ಸಲ ಕನ್ನಡಿಯ ಬಿಂಬದಂತೆ ತಿರುಗಿರುತ್ತವೆ.