ಛೇದ ಸಣ್ಣದಾದಾಗ ಷೇರಿನ ಬೆಲೆ

ಷೇರನ್ನು ಮಾರದೆ ಇಟ್ಟುಕೊಂಡವರಿಗೆ ಕಂಪನಿಯಿಂದ ಬರುವ ಹಣವೆಂದರೆ ಮುಖ್ಯವಾಗಿ ಡಿವಿಡೆಂಡ್. ಹಾಗಾದರೆ ಮುಂದೆ ಬರಲಿರುವ ಡಿವಿಡೆಂಡುಗಳಿಗೆಲ್ಲ ಇವತ್ತಿನ ಬೆಲೆ ಕಟ್ಟಿ ಕೂಡಿದರೆ ಷೇರಿನ ಬೆಲೆ ಸಿಗಬೇಕು. ಡಿವಿಡೆಂಡ್ ಪ್ರತಿ ವರ್ಷ ಒಂದೇ ದರದಲ್ಲಿ ಬೆಳೆಯುತ್ತದೆ ಎಂದುಕೊಂಡರೆ, ಕೊನೆಯೇ ಇಲ್ಲದ ಆ ಕೂಡುವಿಕೆ ಒಂದು ಸಾಲಿಗೆ ಇಳಿಯುತ್ತದೆ. ಮೈರನ್ ಗಾರ್ಡನ್ ಮತ್ತು ಎಲಿ ಶಪಿರೊ 1956ರ ಲೇಖನವೊಂದರಲ್ಲಿ ಬಳಸಿದ ಈ ಲೆಕ್ಕ ಇಂದಿಗೂ ಗಾರ್ಡನ್ ಹೆಸರಿನಲ್ಲೇ ಇದೆ:

P = D1 / (r − g)

D1 ಎಂದರೆ ಬರುವ ವರ್ಷದ ಡಿವಿಡೆಂಡ್, r ನಾವು ಬಯಸುವ ಪ್ರತಿಫಲ, g ಡಿವಿಡೆಂಡಿನ ಬೆಳವಣಿಗೆ ದರ.

ಬರುವ ವರ್ಷ 10 ರೂಪಾಯಿ ಡಿವಿಡೆಂಡ್ ಕೊಡುವ ಷೇರೊಂದಿದೆ ಎನ್ನಿ. ನಮಗೆ ಶೇ 12 ಪ್ರತಿಫಲ ಬೇಕು, ಬೆಳವಣಿಗೆ ಶೇ 7. ಹತ್ತನ್ನು 0.05ರಿಂದ ಭಾಗಿಸಿದರೆ ಬೆಲೆ 200 ರೂಪಾಯಿ. ಬೆಳವಣಿಗೆಯನ್ನು ಶೇ 10 ಮಾಡಿದರೆ 500, ಶೇ 11 ಮಾಡಿದರೆ 1,000, ಶೇ 11.5ಕ್ಕೆ 2,000. ಕಂಪನಿಯಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ನಮ್ಮ ಅಂದಾಜು ಮಾತ್ರ, ಅದೂ ಕೊನೆಯ ಸಲ ಅರ್ಧ ಪರ್ಸೆಂಟ್.

ಹೀಗೇಕೆ ಆಗುತ್ತದೆ? ಒಂದು ವರ್ಷ ಮುಂದೆ ಹೋದಂತೆ ಡಿವಿಡೆಂಡ್ 1.11 ಪಟ್ಟಾಗುತ್ತದೆ, ಕಾದಿದ್ದಕ್ಕೆ ನಾವು ಅದನ್ನು 1.12ರಿಂದ ಭಾಗಿಸುತ್ತೇವೆ. ಎರಡೂ ಹೆಚ್ಚುಕಮ್ಮಿ ಒಂದನ್ನೊಂದು ಹೊಡೆದುಹಾಕುವುದರಿಂದ ದೂರದ ವರ್ಷಗಳ ತೂಕ ತೀರಾ ನಿಧಾನವಾಗಿ ಇಳಿಯುತ್ತದೆ. ಶೇ 7ರ ಬೆಳವಣಿಗೆಯಲ್ಲಿ ಬೆಲೆಯ ಅರ್ಧದಷ್ಟು ಮೊದಲ 15 ವರ್ಷಗಳ ಡಿವಿಡೆಂಡಿನಿಂದಲೇ ಬರುತ್ತದೆ. ಶೇ 11 ಎಂದುಕೊಂಡರೆ ಆ ಅರ್ಧ ತುಂಬಲು 77 ವರ್ಷ ಬೇಕು. ಸಾವಿರ ರೂಪಾಯಿ ಕೊಡುವವರು ಮೊಮ್ಮಕ್ಕಳ ಕಾಲದ ಡಿವಿಡೆಂಡಿಗೆ ಈಗಲೇ ದುಡ್ಡು ಎಣಿಸುತ್ತಿದ್ದಾರೆ.

r ಮತ್ತು g ಸಮವಾದರೆ ಪ್ರತಿ ವರ್ಷದ ಡಿವಿಡೆಂಡಿಗೂ ಇವತ್ತು ಅದೇ 8.93 ರೂಪಾಯಿ ಬೆಲೆ; ಕೂಡುತ್ತಲೇ ಹೋಗಬಹುದು, ಮೊತ್ತಕ್ಕೆ ತಡೆಯಿಲ್ಲ. g ಇನ್ನೂ ಹೆಚ್ಚಾಗಿ ಶೇ 13 ಆದರೆ ಸೂತ್ರ ಮೈನಸ್ 1,000 ಎನ್ನುತ್ತದೆ. ಷೇರು ಕೆಟ್ಟದ್ದೆಂದು ಇದರ ಅರ್ಥವಲ್ಲ. g ಯಾವಾಗಲೂ r ಗಿಂತ ಕಡಿಮೆ ಎಂಬ ಷರತ್ತಿನ ಮೇಲೆ ಕಟ್ಟಿದ ಸೂತ್ರವಿದು, ಷರತ್ತು ಮುರಿದ ಮೇಲೆ ಬಂದ ಸಂಖ್ಯೆಗೆ ಬೆಲೆಯೆಂಬ ಅರ್ಥವೇ ಇರುವುದಿಲ್ಲ.

ನನ್ನ ದೃಷ್ಟಿಯಲ್ಲಿ ತಪ್ಪು ಇರುವುದು ‘ಎಂದೆಂದಿಗೂ’ ಎಂಬ ಊಹೆಯಲ್ಲಿ. ದೇಶದ ಒಟ್ಟು ಆರ್ಥಿಕತೆಗಿಂತ ವೇಗವಾಗಿ ಒಂದು ಕಂಪನಿ ಸದಾ ಬೆಳೆಯುತ್ತಲೇ ಇದ್ದರೆ, ಒಂದು ದಿನ ಆರ್ಥಿಕತೆಯನ್ನೇ ಮೀರಬೇಕಾಗುತ್ತದೆ. ಆದ್ದರಿಂದ ವೇಗದ ವರ್ಷಗಳನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಮೇಲಿನ ಷೇರಿನ ಡಿವಿಡೆಂಡ್ ಹತ್ತನೆಯ ವರ್ಷದವರೆಗೆ ಶೇ 11ರಂತೆ, ಆಮೇಲೆ ಶೇ 6ರಂತೆ ಬೆಳೆಯಲಿ. ಮೊದಲ ಹತ್ತು ಡಿವಿಡೆಂಡುಗಳ ಇವತ್ತಿನ ಬೆಲೆ ಸುಮಾರು 86 ರೂಪಾಯಿ. ಹತ್ತನೆಯ ವರ್ಷದ ಕೊನೆಗೆ, 27.12 ರೂಪಾಯಿಯ ಮುಂದಿನ ಡಿವಿಡೆಂಡನ್ನು 0.06ರಿಂದ ಭಾಗಿಸಿದರೆ ಸುಮಾರು 452; ಅದರ ಇವತ್ತಿನ ಬೆಲೆ 145ರ ಆಸುಪಾಸು. ಒಟ್ಟು 231 ರೂಪಾಯಿ. ಒಂದೇ ದರದ ಸೂತ್ರ ಇದೇ ಷೇರಿಗೆ ಸಾವಿರ ಕಟ್ಟಿತ್ತು.