ಗೋಡೆ ಸೀಳದಂತೆ ಹಿಡಿಯುವ ಅಡ್ಡಗಲ್ಲು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಭೂಮಿ ಕಂಪಿಸಿ ಸಾವಿರಾರು ಜನ ಸತ್ತರು. ನಮ್ಮ ಬೀದರ್, ಕಲಬುರಗಿಗೆ ಹತ್ತಿರದ ಊರು ಅದು. ಅಲ್ಲಿ ಬಿದ್ದ ಮನೆಗಳ ಗೋಡೆಗಳು ತೆಳುವಾಗಿರಲಿಲ್ಲ, ಬಹಳ ದಪ್ಪವಾಗಿದ್ದವು. ಆದರೆ ಒಳಮುಖಕ್ಕೊಂದು, ಹೊರಮುಖಕ್ಕೊಂದು ಸಾಲು ಕಾಡುಗಲ್ಲು ಇಟ್ಟು, ನಡುವೆ ಚೂರುಗಲ್ಲು, ಮಣ್ಣು ತುಂಬಿದ್ದರು. ಎರಡು ಸಾಲನ್ನೂ ಹಿಡಿದಿಡುವ ಕಲ್ಲು ಇರಲಿಲ್ಲ. ನೆಲ ಅಲುಗಿದಾಗ ಗೋಡೆ ಉದ್ದಕ್ಕೆ ಸೀಳಿತು, ಮೇಲಿದ್ದ ಮಣ್ಣಿನ ಮಾಳಿಗೆಯ ಭಾರಕ್ಕೆ ಕುಸಿಯಿತು.

ಕಲ್ಲುಗಣಿ ಹತ್ತಿರವಿರುವ ಊರುಗಳಲ್ಲಿ ಇಂದಿಗೂ ಒರಟು ಕಲ್ಲಿನ ಗೋಡೆಯೇ ಅಗ್ಗ. ಅದನ್ನು ಭದ್ರವಾಗಿ ಕಟ್ಟಬೇಕೆಂದರೆ ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಅಡ್ಡಗಲ್ಲು ಬೇಕು. ಭೂಕಂಪ ಸುರಕ್ಷತೆಯ ಭಾರತೀಯ ಮಾನಕದ ಪ್ರಕಾರ ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಅಂದರೆ ಎರಡು ಅಡಿಗೆ ಒಂದು ಸಾಲು ಅಡ್ಡಗಲ್ಲು ಇರಬೇಕು. ಸಾಲಿನಲ್ಲಿ ಕಲ್ಲಿನಿಂದ ಕಲ್ಲಿಗೆ ನಾಲ್ಕು ಅಡಿಗಿಂತ ಹೆಚ್ಚು ಅಂತರ ಸಲ್ಲದು.

12 ಅಡಿ ಉದ್ದ, 10 ಅಡಿ ಎತ್ತರ, ಒಂದೂವರೆ ಅಡಿ ದಪ್ಪದ ಗೋಡೆಯನ್ನು ತೆಗೆದುಕೊಳ್ಳಿ. ಎರಡು, ನಾಲ್ಕು, ಆರು, ಎಂಟು ಅಡಿ ಎತ್ತರದಲ್ಲಿ ನಾಲ್ಕು ಸಾಲು, ಸಾಲಿಗೆ ಮೂರರಂತೆ 12 ಅಡ್ಡಗಲ್ಲು ಸಾಕು. ಮೂಲೆಗೆ ಬೇಕಾದ ಉದ್ದಗಲ್ಲುಗಳು ಬೇರೆ. ಹನ್ನೆರಡನ್ನೂ ಒಂದೂವರೆ ಅಡಿ ಉದ್ದಕ್ಕೆ ಒಡೆದು ಕೊಡುವಂತೆ ಗಣಿಯಲ್ಲೇ ಹೇಳಿಬಿಡಬೇಕು. ಕೆಲಸದ ನಡುವೆ ಹುಡುಕಿದರೆ ಸಿಗುವುದಿಲ್ಲ, ಆಗ ಮೇಸ್ತ್ರಿ ಗಿಡ್ಡ ಕಲ್ಲಿನಲ್ಲೇ ಸುಧಾರಿಸುತ್ತಾನೆ.

ಒರಟು ಕಲ್ಲಿಗೆ ಒಂದೇ ಅಳತೆ ಇರದಿದ್ದರೂ ಎರಡಡಿಗೊಮ್ಮೆ ವರಸೆಯನ್ನು ದಾರ ಹಿಡಿದು ಮಟ್ಟಕ್ಕೆ ತರಬೇಕು. ಅಡ್ಡಗಲ್ಲು ಕೂರುವುದು ಆ ಮಟ್ಟದಲ್ಲೇ. ಉಳಿದ ಕಲ್ಲುಗಳ ಉದ್ದ ಭಾಗ ಗೋಡೆಯ ಒಳಕ್ಕೆ ಹೋಗಬೇಕು. ಮುಖ ದೊಡ್ಡದು ಕಾಣಲೆಂದು ಕಲ್ಲನ್ನು ಹಲಗೆಯಂತೆ ನಿಲ್ಲಿಸಿದರೆ ಹಿಂದೆ ಪೊಳ್ಳು ಉಳಿಯುತ್ತದೆ.

ಗಾರೆಗೆ ಒಂದು ಪಾಲು ಸಿಮೆಂಟ್, ಆರು ಪಾಲು ಮರಳು ಸಾಕು. ಸಿಮೆಂಟ್ ಹೆಚ್ಚಿಸಿದ ಮಾತ್ರಕ್ಕೆ ಅಡ್ಡಗಲ್ಲಿನ ಕೊರತೆ ತುಂಬುವುದಿಲ್ಲ. ಮರಳಿನ ಬದಲು ಕ್ರಷರ್ ಪುಡಿ ಸುರಿದರೆ ನುಣ್ಣನೆಯ ಧೂಳು ನೀರು ಹೆಚ್ಚು ಬೇಡುತ್ತದೆ, ಗಾರೆ ಬಲಗುಂದುತ್ತದೆ. ತೊಳೆದ ಎಂ ಸ್ಯಾಂಡ್ ಆದರೆ ತೊಂದರೆಯಿಲ್ಲ. ಗಣಿಯಿಂದ ಬಂದ ಕಲ್ಲಿಗೆ ಅಂಟಿದ ಧೂಳನ್ನೂ ತೊಳೆಯಬೇಕು. ನಡುವಿನ ಸಂದಿಗೆ ಮೊದಲು ಗಾರೆ ಹಾಕಿ, ಆಮೇಲೆ ಚೂರುಗಲ್ಲು ಬಡಿಯಬೇಕು. ಒಣ ಚೂರು ತುಂಬಿ ಮೇಲೆ ಗಾರೆ ಎಳೆದರೆ ಅದು ತಳದವರೆಗೆ ಇಳಿಯುವುದೇ ಇಲ್ಲ.

ಗಿಲಾವು ಮಾಡಿದ ಮೇಲೆ ಇದಾವುದೂ ಕಾಣುವುದಿಲ್ಲ. ಆದ್ದರಿಂದ ಅಡ್ಡಗಲ್ಲು ಇಟ್ಟ ದಿನವೇ ಅದರ ಎರಡೂ ತುದಿಗೆ ಬಣ್ಣದ ಗುರುತು ಹಾಕಿಸಿ. ಒಳಗೆ ಎಣಿಸಿದಷ್ಟೇ ಗುರುತು ಹೊರಗೂ ಇದ್ದರೆ ಮಾತ್ರ ಗಿಲಾವಿಗೆ ಒಪ್ಪಿಗೆ ಕೊಡಿ.