ನಿಫ್ಟಿ ಏರಿತು, ಕಾಲ್ ಆಪ್ಷನ್ ಇಳಿಯಿತು

ನಿಫ್ಟಿ ಏರುತ್ತದೆಂದು ನಂಬಿ ಕಾಲ್ ಆಪ್ಷನ್ ಕೊಂಡ ಅನೇಕರಿಗೆ ಅರ್ಥವಾಗದ ನಷ್ಟವೊಂದಿದೆ. ಅವರು ಎಣಿಸಿದಂತೆಯೇ ನಿಫ್ಟಿ ಏರಿರುತ್ತದೆ, ಆದರೂ ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದಿರುವುದಿಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ. ತೆತ್ತ ಪ್ರೀಮಿಯಂನಲ್ಲಿ ಎಕ್ಸ್‌ಪೈರಿಯವರೆಗಿನ ದಿನಗಳ ಬೆಲೆಯೂ ಸೇರಿತ್ತು, ಆ ದಿನಗಳು ಕರಗಿಹೋದವು.

ಒಂದು ಉದಾಹರಣೆ ನೋಡೋಣ. ನಿಫ್ಟಿ 25,000ದಲ್ಲಿದೆ, ನೀವು 25,000 ಸ್ಟ್ರೈಕ್‌ನ ಕಾಲ್ ಕೊಳ್ಳುತ್ತೀರಿ. ನಿಫ್ಟಿಯ ವಾರದ ಆಪ್ಷನ್‌ಗಳು ಮುಗಿಯುವುದು ಮಂಗಳವಾರ. ಮುಂದಿನ ವಾರ ಬಿಟ್ಟು ಅದರಾಚೆಯ ವಾರದ ಮಂಗಳವಾರಕ್ಕೆ ಇನ್ನೂ ಒಂಬತ್ತು ವಹಿವಾಟಿನ ದಿನಗಳಿವೆ ಎನ್ನುವಾಗ, ಅಂದರೆ ಈ ಬುಧವಾರದ ಸಂಜೆ, ಅದರ ಬೆಲೆ ಸುಮಾರು 188 ರೂಪಾಯಿ. (ಮಾರುಕಟ್ಟೆ ನಿರೀಕ್ಷಿಸುವ ಏರಿಳಿತ ವರ್ಷಕ್ಕೆ ಶೇ. 10 ಎಂದಿಟ್ಟುಕೊಂಡು, ಬಡ್ಡಿಯನ್ನು ಬಿಟ್ಟು ಮಾಡಿದ ಲೆಕ್ಕವಿದು.) ಈ ಕ್ಷಣದಲ್ಲೇ ಅವಧಿ ಮುಗಿದರೆ ಆ ಕಾಲ್‌ಗೆ ಒಂದು ಪೈಸೆಯೂ ಹುಟ್ಟುವುದಿಲ್ಲ, ಏಕೆಂದರೆ ನಿಫ್ಟಿ ಸ್ಟ್ರೈಕ್‌ಗಿಂತ ಮೇಲಿಲ್ಲ. ಹಾಗಾಗಿ ಆ 188 ರೂಪಾಯಿ ಪೂರ್ತಿಯಾಗಿ ಕಾಲದ ಬೆಲೆ.

ನಿಫ್ಟಿ ಅಲ್ಲಾಡದೆ ಅಲ್ಲೇ ನಿಂತಿತು ಎನ್ನೋಣ. ಮುಂದಿನ ಬುಧವಾರ, ನಾಲ್ಕು ದಿನ ಉಳಿದಾಗ, ಬೆಲೆ 125ಕ್ಕೆ ಬರುತ್ತದೆ. ಸೋಮವಾರ ಸಂಜೆ, ಒಂದೇ ದಿನ ಉಳಿದಾಗ, 63. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಸೊನ್ನೆ. ಮೊದಲ 63 ರೂಪಾಯಿ ಸವೆಯಲು ಐದು ದಿನ ಬೇಕಾಯಿತು, ಎರಡನೆಯದಕ್ಕೆ ಮೂರು ದಿನ ಸಾಕಾಯಿತು, ಕೊನೆಯದು ಒಂದೇ ದಿನದಲ್ಲಿ ಹೋಯಿತು.

ಕೊನೆಕೊನೆಗೆ ಈ ಸವೆತ ವೇಗ ಪಡೆಯುವುದೇಕೆ? ನಿಫ್ಟಿ ಒಂದು ದಿನ ಏರಿ ಮರುದಿನ ಇಳಿಯುತ್ತದೆ, ಬಹಳಷ್ಟು ಚಲನೆ ಹೀಗೆ ವಜಾ ಆಗುತ್ತದೆ. ಆದ್ದರಿಂದ ನಾಲ್ಕು ಪಟ್ಟು ಸಮಯ ಕೊಟ್ಟರೂ ಅದು ಸಾಮಾನ್ಯವಾಗಿ ಸರಿಯುವ ದೂರ ಎರಡು ಪಟ್ಟು ಮಾತ್ರ ಆಗುತ್ತದೆ. ಕಾಲದ ಬೆಲೆಯೂ ಇದೇ ವರ್ಗಮೂಲದ ಲೆಕ್ಕವನ್ನು ಅನುಸರಿಸುತ್ತದೆ. ದಿನಗಳು ಬೇಕಾದಷ್ಟಿದ್ದಾಗ ಒಂದು ದಿನ ಹೋದರೆ ಹೆಚ್ಚೇನೂ ಕಳೆಯುವುದಿಲ್ಲ, ಕೊನೆಯ ದಿನ ಹೋದರೆ ಉಳಿಯುವುದೇ ಇಲ್ಲ.

ಈಗ ನಿಫ್ಟಿಯನ್ನು 150 ಅಂಶ ಏರಿಸಿ ನೋಡಿ. ಕೊಂಡ ಮರುದಿನವೇ ಅದು 25,150 ತಲುಪಿದರೆ ನಿಮ್ಮ ಕಾಲ್ ಸುಮಾರು 263 ರೂಪಾಯಿಗೆ ಹೋಗುತ್ತದೆ, 75 ರೂಪಾಯಿ ಲಾಭ. ಅದೇ ಏರಿಕೆ ನಿಧಾನವಾಗಿ ಬಂದು, ಎಕ್ಸ್‌ಪೈರಿಯ ಹೊತ್ತಿಗೆ ನಿಫ್ಟಿ ಅದೇ 25,150ರಲ್ಲಿ ನಿಂತರೆ ಕೈಗೆ ಬರುವುದು 150 ಮಾತ್ರ. ಒಂದಕ್ಕೆ 38 ರೂಪಾಯಿ ನಷ್ಟ, 65ರ ಲಾಟ್‌ಗೆ 2,470 ರೂಪಾಯಿ, ಬ್ರೋಕರೇಜ್ ಮತ್ತು ತೆರಿಗೆ ಬೇರೆ. ದಿಕ್ಕನ್ನು ಸರಿಯಾಗಿ ಹೇಳಿದವರೂ ಸೋಲುವುದು ಇಲ್ಲೇ. ಆಪ್ಷನ್ ಕೊಳ್ಳುವವರು ಎಷ್ಟು ಏರುತ್ತದೆ ಎಂಬುದರ ಜೊತೆಗೆ ಯಾವಾಗ ಏರುತ್ತದೆ ಎಂಬುದನ್ನೂ ಪಣಕ್ಕಿಟ್ಟಿರುತ್ತಾರೆ, ಬಹುಮಂದಿಗೆ ಈ ಎರಡನೆಯ ಪಣ ಕಟ್ಟಿದ್ದೇ ತಿಳಿದಿರುವುದಿಲ್ಲ.

ಅಗ್ಗವೆಂದು ದೂರದ ಸ್ಟ್ರೈಕ್ ಹಿಡಿಯುವವರ ಪಾಡು ಇನ್ನೂ ಬೇರೆ. ಅದೇ ಲೆಕ್ಕದಲ್ಲಿ 25,500ರ ಕಾಲ್ ಒಂಬತ್ತು ದಿನ ಇರುವಾಗ ಸುಮಾರು 36 ರೂಪಾಯಿ. ನಿಫ್ಟಿ 25,000ದಲ್ಲೇ ಇದ್ದರೆ ನಾಲ್ಕು ದಿನ ಉಳಿದಾಗ ಅದು 8ಕ್ಕೆ ಕುಸಿದಿರುತ್ತದೆ, ಸೋಮವಾರ ಸಂಜೆಗೆ ಪೈಸೆಗಳ ಲೆಕ್ಕಕ್ಕೆ ಇಳಿದಿರುತ್ತದೆ. ಸವೆತವೆಲ್ಲ ಕೊನೆಯ ದಿನವೇ ಆಗುತ್ತದೆ ಎಂಬ ಮಾತು ನಿಫ್ಟಿಯ ಮಟ್ಟಕ್ಕೆ ಹತ್ತಿರದ ಸ್ಟ್ರೈಕ್‌ಗೆ ಸಲ್ಲುತ್ತದೆ, ದೂರದ್ದಕ್ಕೆ ಸಲ್ಲದು. ದೂರದ ಸ್ಟ್ರೈಕ್ ಬಹುಪಾಲು ಮೊದಲೇ ಸತ್ತಿರುತ್ತದೆ. ಎಂಟು ರೂಪಾಯಿಗೆ ಸಿಕ್ಕಿತೆಂದು ಹತ್ತಾರು ಲಾಟ್ ಕೊಳ್ಳುವುದು ನನಗೆ ಅತ್ಯಂತ ನೋವು ಕೊಡುವ ಅಭ್ಯಾಸ. ಅದು ಅಗ್ಗವಾಗಿರುವುದೇ ನಾಲ್ಕು ದಿನದಲ್ಲಿ 500 ಅಂಶ ಏರುವ ಸಾಧ್ಯತೆ ಅಷ್ಟು ಕಡಿಮೆ ಇರುವುದರಿಂದ.

ನಿಮ್ಮ ಆಪ್ಷನ್‌ನಲ್ಲಿ ಕಾಲದ ಬೆಲೆ ಎಷ್ಟಿದೆ ಎಂದು ತಿಳಿಯುವುದು ಸುಲಭ. ನಿಫ್ಟಿ 25,150ರಲ್ಲಿದ್ದು, 25,000ದ ಕಾಲ್ 263ಕ್ಕೆ ಸಿಗುತ್ತಿದ್ದರೆ, 150 ಈಗಾಗಲೇ ಗಳಿಸಿದ್ದು, ಉಳಿದ 113 ದಿನಗಳು ಕಳೆದಂತೆ ಸವೆಯುವಂಥದ್ದು. ಹಲವು ಆ್ಯಪ್‌ಗಳು ತೋರಿಸುವ ಥೀಟಾ, ಇನ್ನೇನೂ ಬದಲಾಗದಿದ್ದರೆ ಒಂದು ದಿನಕ್ಕೆ ಎಷ್ಟು ಇಳಿಯಬಹುದು ಎಂಬ ಅಂದಾಜು. ನಮ್ಮ 188ರ ಕಾಲ್‌ಗೆ ಅದು ಹತ್ತು ರೂಪಾಯಿಯ ಆಸುಪಾಸು. ಆದರೆ ಈ ಅಂಕಿ ಆ ಗಳಿಗೆಯದು, ಎಕ್ಸ್‌ಪೈರಿ ಹತ್ತಿರವಾದಂತೆ ಅದೇ ಬೆಳೆಯುತ್ತದೆ. ಹತ್ತನ್ನು ಒಂಬತ್ತು ದಿನಕ್ಕೆ ಗುಣಿಸಿದರೆ 90 ಬರುತ್ತದೆ. ನಿಫ್ಟಿ ಕದಲದಿದ್ದರೆ ಹೋಗುವುದು ಪೂರಾ 188.

ಬಜೆಟ್ ಅಥವಾ ಚುನಾವಣಾ ಫಲಿತಾಂಶದ ದಿನ ಪ್ರೀಮಿಯಂ ಒಮ್ಮೆಲೇ ಅರ್ಧಕ್ಕೆ ಬಿದ್ದರೆ ಅದನ್ನು ಈ ಸವೆತದ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ಕುಸಿಯುವುದು ಏರಿಳಿತದ ನಿರೀಕ್ಷೆ. ಗುರುತಿಸುವುದು ಹೀಗೆ: ಆ ದಿನ ಇಂಡಿಯಾ ವಿಕ್ಸ್ ಕೂಡ ಧಡಕ್ಕನೆ ಇಳಿದಿರುತ್ತದೆ. ಥೀಟಾದ ಸವೆತಕ್ಕೆ ಅಂಥ ಸುದ್ದಿಯೇನೂ ಬೇಕಿಲ್ಲ, ನಿಫ್ಟಿ ಮಲಗಿರುವ ದಿನವೂ ಅದು ನಡೆಯುತ್ತದೆ.